ಮೋರಿಗೆ ಮೆಷಿನ್ ಬೇಕೇ, ಮೂರು ಸಿಂಕ್ ಸಾಕೇ?

ಪಾತ್ರೆ ತೊಳೆಯುವ ಹುಡುಗರು ಸಿಗುತ್ತಿಲ್ಲ ಎಂಬುದು ಈಗ ಮುಂಬಯಿಯಿಂದ ದೆಹಲಿಯವರೆಗೆ ನಮ್ಮ ಹೋಟೆಲ್ ಬಾಂಧವರೆಲ್ಲರ ಒಂದೇ ದೂರು. ಊರಿನಿಂದ ಬಂದ ಹುಡುಗ ಮೋರಿಯಲ್ಲಿ ಎರಡು ತಿಂಗಳು ನಿಲ್ಲುವುದೂ ಕಷ್ಟ. ಇಂಥ ಹೊತ್ತಿಗೆ ಮೆಷಿನ್ ಮಾರುವವರು ಬಂದು "ಗಂಟೆಗೆ ಅರವತ್ತು ರ‍್ಯಾಕ್, ಒಬ್ಬನೇ ಹುಡುಗ ಸಾಕು" ಎಂದಾಗ ಯಾರಿಗೂ ಆಸೆಯಾಗುವುದು ಸಹಜ. ಆದರೆ ಲಕ್ಷಗಟ್ಟಲೆ ಕೊಟ್ಟು ತಂದ ಮೆಷಿನ್ ಆರು ತಿಂಗಳಲ್ಲಿ ಮೂಲೆ ಸೇರಿ, ಅದರ ಮೇಲೆ ಪಾತ್ರೆ ಒಟ್ಟಿಟ್ಟು, ಪಕ್ಕದಲ್ಲಿ ಹುಡುಗರು ಕೈಯಲ್ಲೇ ತೊಳೆಯುತ್ತಿರುವ ಹೋಟೆಲುಗಳೂ ಉಂಟು. ಅಲ್ಲಿ ಕೆಟ್ಟದ್ದು ಮೆಷಿನ್ ಅಲ್ಲ, ತರುವ ಮುಂಚಿನ ಲೆಕ್ಕ. ಆ ಲೆಕ್ಕವನ್ನು ಹೇಗೆ ಹಾಕಬೇಕೆಂದು ಈ ಲೇಖನದಲ್ಲಿ ವಿವರಿಸುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮೆಷಿನ್ ತಂದರೂ ಮೂರು ಸಿಂಕ್ ತಪ್ಪುವುದಿಲ್ಲ. ಸಾಂಬಾರಿನ ಕೊಪ್ಪರಿಗೆ, ಹಿಟ್ಟಿನ ತಪೇಲಿ, ಇಡ್ಲಿ ಪಾತ್ರೆ ಇವು ಸಾಮಾನ್ಯ ಮೆಷಿನ್‌ನೊಳಗೆ ಹಿಡಿಸುವುದಿಲ್ಲ. ವಿದ್ಯುತ್ ಹೋದ ದಿನ ತಟ್ಟೆಯೂ ಸಿಂಕಿಗೇ ಬರಬೇಕು. ಆದ್ದರಿಂದ ಮೊದಲು ಸಿಂಕ್ ಸರಿಯಾಗಿರಲಿ, ಮೆಷಿನ್ ಆಮೇಲೆ.

ಮೂರು ಸಿಂಕ್ ಎಂದರೆ ಮೂರು ಕೆಲಸ

ನಮ್ಮಲ್ಲಿ ಎಷ್ಟೋ ಕಡೆ ಮೂರು ಸಿಂಕ್ ಇದ್ದರೂ ನಡೆಯುವ ಕೆಲಸ ಒಂದೇ. ಮೂರರಲ್ಲೂ ನಲ್ಲಿ ಬಿಟ್ಟು, ಮೂರರಲ್ಲೂ ಉಜ್ಜುತ್ತಾರೆ. ಮೊದಲನೆಯದು ತೊಳೆಯಲು, ಎರಡನೆಯದು ಸೋಪು ಬಿಡಿಸಲು, ಮೂರನೆಯದು ರೋಗಾಣು ಕೊಲ್ಲಲು. ಈ ಕ್ರಮ ಬಿಟ್ಟರೆ ಮೂರು ಸಿಂಕಿನ ಅರ್ಥವೇ ಹೋಯಿತು.

ಸಿಂಕಿಗೆ ಹಾಕುವ ಮುಂಚೆ ಎಂಜಲನ್ನು ಡಬ್ಬಿಗೆ ಕೆರೆದು, ತಟ್ಟೆಗೆ ಒಮ್ಮೆ ತಣ್ಣೀರು ಹೊಡೆಯಬೇಕು. ಇಲ್ಲಿ ಬಿಸಿನೀರು ಬೇಡ. ಹಾಲು, ಕಾಫಿ ಕಪ್ಪಿನ ಕೆನೆ, ದೋಸೆ ಹಿಟ್ಟಿನ ಕಲೆ ಇವಕ್ಕೆ ಮೊದಲೇ ಕುದಿ ನೀರು ಬಿದ್ದರೆ ಬೆಂದು ಅಂಟಿಕೊಳ್ಳುತ್ತವೆ.

ಮೊದಲ ಸಿಂಕಿನಲ್ಲಿ ನೀರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಕೈ ಸಹಿಸುವಷ್ಟು ಬಿಸಿ ಎಂದರೆ ಹೆಚ್ಚು ಕಡಿಮೆ ಅದೇ. ಇದಕ್ಕೆ ಕಾರಣ ಸರಳ. ತುಪ್ಪ, ವನಸ್ಪತಿ ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ನೀರು ಅದಕ್ಕಿಂತ ತಣ್ಣಗಾದರೆ ಜಿಡ್ಡು ಮತ್ತೆ ಗಟ್ಟಿಯಾಗಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಹುಡುಗ ಆಗ ಸೋಪು ಹೆಚ್ಚಿಸುತ್ತಾನೆ, ಖರ್ಚು ಏರುತ್ತದೆ, ಜಿಡ್ಡು ಹೋಗುವುದಿಲ್ಲ. ನೊರೆ ಸತ್ತು ನೀರಿನ ಮೇಲೆ ಜಿಡ್ಡು ತೇಲಿದರೆ ಆ ನೀರನ್ನು ಚೆಲ್ಲುವ ಹೊತ್ತಾಯಿತು ಎಂದೇ ತಿಳಿಯಬೇಕು.

ಎರಡನೆಯ ಸಿಂಕಿನದು ಬರೇ ಸ್ವಚ್ಛ ನೀರು. ಇಲ್ಲಿ ಸೋಪು ಪೂರ್ತಿ ಹೋಗದಿದ್ದರೆ ಮೂರನೆಯದು ಕೆಡುತ್ತದೆ. ಕ್ಲೋರಿನ್ ತನ್ನ ಶಕ್ತಿಯನ್ನು ರೋಗಾಣುವಿನ ಮೇಲೆ ಬಳಸುವ ಬದಲು ಉಳಿದ ಸೋಪು, ಎಂಜಲಿನ ಮೇಲೆಯೇ ಕಳೆದುಕೊಳ್ಳುತ್ತದೆ.

ಮೂರನೆಯ ಸಿಂಕಿಗೆ ಎರಡು ದಾರಿ ಉಂಟು. ಒಂದು, 77 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸುವುದು. ಆ ನೀರಿಗೆ ಕೈ ಹಾಕಲಾಗದು, ಹಾಗಾಗಿ ತಂತಿ ಬುಟ್ಟಿ ಬೇಕು, ಸಿಂಕಿನ ಕೆಳಗೆ ಹೀಟರ್ ಅಥವಾ ಬರ್ನರ್ ಬೇಕು. ತೆರೆದ ಸಿಂಕಿನ ನೀರು ಹತ್ತು ನಿಮಿಷದಲ್ಲೇ ಇಳಿಯಲು ತೊಡಗುವುದರಿಂದ ಒಮ್ಮೆ ಕಾಯಿಸಿ ಸುರಿದರೆ ಆಗುವುದಿಲ್ಲ. ಎರಡನೆಯ ದಾರಿ ಕ್ಲೋರಿನ್. ನಮ್ಮ ಬಹುತೇಕ ಹೋಟೆಲುಗಳಿಗೆ ಇದೇ ಅನುಕೂಲ.

ಇದರ ಅಳತೆ ಹೀಗೆ. ಪೇಟೆಯಲ್ಲಿ ಸಿಗುವ ಹೈಪೋಕ್ಲೋರೈಟ್ ದ್ರಾವಣ ಶೇ. 4ರದ್ದು ಎಂದುಕೊಳ್ಳೋಣ. ಲೇಬಲ್ ನೋಡಿಯೇ ಖಚಿತ ಮಾಡಿಕೊಳ್ಳಿ. ಅಂದರೆ 100 ಮಿಲಿಯಲ್ಲಿ 4 ಗ್ರಾಂ ಕ್ಲೋರಿನ್. 40 ಲೀಟರ್ ನೀರಿಗೆ 50 ಮಿಲಿ ಹಾಕಿದರೆ ಹತ್ತು ಲಕ್ಷದಲ್ಲಿ 50 ಭಾಗದ ಪ್ರಮಾಣ ಬರುತ್ತದೆ, 100 ಮಿಲಿ ಹಾಕಿದರೆ 100 ಭಾಗ. ಈ ಎರಡರ ನಡುವೆ ಇಟ್ಟುಕೊಂಡು ಒಂದು ನಿಮಿಷ ಮುಳುಗಿಸಿದರೆ ಸಾಕು. ನೀರು ಉಗುರು ಬೆಚ್ಚಗಿರಲಿ. ತೀರ ಬಿಸಿಯಾದರೆ ಕ್ಲೋರಿನ್ ಹಾರಿಹೋಗುತ್ತದೆ. ಹುಡುಗನ ಕೈಗೆ ಬಾಟಲಿ ಕೊಡಬೇಡಿ, 50 ಮಿಲಿಯ ಒಂದು ಅಳತೆ ಲೋಟ ಕೊಡಿ. ಬಣ್ಣ ಬದಲಿಸುವ ಪರೀಕ್ಷಾ ಕಾಗದದ ಪಟ್ಟಿ ಸಿಗುತ್ತದೆ, ಅದನ್ನು ಅದ್ದಿ ದಿನಕ್ಕೆ ನಾಲ್ಕು ಸಲ ನೋಡಿದರೆ ಯಾವಾಗ ನೀರು ಬದಲಿಸಬೇಕೆಂದು ತಿಳಿಯುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಶುದ್ಧ ಎಂಬ ಭ್ರಮೆ ಬೇಡ. ಗಟ್ಟಿ ಕ್ಲೋರಿನ್ ನೀರಿನಲ್ಲಿ ರಾತ್ರಿಯಿಡೀ ಬಿದ್ದ ಸ್ಟೀಲ್ ತಟ್ಟೆಯಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿ ಏಳುತ್ತವೆ, ಅಲ್ಲಿಂದಲೇ ತುಕ್ಕು. ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ನೆಲ, ಪಾಯಖಾನೆ ತೊಳೆಯುವ ಆಸಿಡ್ ಈ ದ್ರಾವಣಕ್ಕೆ ತಾಗಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡು ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಡಲೇಬೇಡಿ.

ಮೆಷಿನ್ ಒಳಗೆ ನಡೆಯುವುದೇನು

ನಮ್ಮ ಹೋಟೆಲುಗಳಿಗೆ ಹೊಂದುವುದು ಸಾಧಾರಣವಾಗಿ ಮೇಲಿನ ಮುಚ್ಚಳ ಎತ್ತಿ ರ‍್ಯಾಕ್ ತಳ್ಳುವ ಹುಡ್ ಮಾದರಿ. ರ‍್ಯಾಕ್ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಒಳಗೆ ಎರಡು ಬೇರೆ ಬೇರೆ ನೀರು ಇರುತ್ತದೆ ಎಂಬುದನ್ನು ಮಾಲಿಕರು ತಿಳಿದಿರಬೇಕು. ಕೆಳಗಿನ ಟ್ಯಾಂಕಿನಲ್ಲಿ 55ರಿಂದ 65 ಡಿಗ್ರಿಯ ಸೋಪು ನೀರು. ಪಂಪು ಇದನ್ನೇ ಮತ್ತೆ ಮತ್ತೆ ತಟ್ಟೆಗಳಿಗೆ ಜೋರಾಗಿ ಹೊಡೆಯುತ್ತದೆ. ಕೊನೆಗೆ ಬಾಯ್ಲರಿನಿಂದ 82 ಡಿಗ್ರಿಗೂ ಮೇಲಿನ ಹೊಸ ನೀರು ಕೆಲವೇ ಸೆಕೆಂಡು ಬೀಳುತ್ತದೆ. ಒಂದು ರ‍್ಯಾಕಿಗೆ ಸುಮಾರು 3 ಲೀಟರ್.

ರೋಗಾಣು ಸಾಯುವುದು ಈ ಕೊನೆಯ ನೀರಿನಿಂದ. ಗುರಿ ಏನೆಂದರೆ ತಟ್ಟೆಯ ಮೈ 71 ಡಿಗ್ರಿ ಮುಟ್ಟಬೇಕು. ಡಯಲ್ಲಿನಲ್ಲಿ 85 ತೋರಿಸಿತು ಎಂದರೆ ಬಾಯ್ಲರಿನ ನೀರು 85 ಎಂದಷ್ಟೇ ಅರ್ಥ, ತಟ್ಟೆ ಅಷ್ಟು ಬಿಸಿಯಾಯಿತು ಎಂದಲ್ಲ. ನಳಿಕೆಯ ತೂತು ಅನ್ನದ ಅಗುಳಿನಿಂದ ಕಟ್ಟಿಕೊಂಡಿದ್ದರೆ ಅಥವಾ ತಟ್ಟೆ ಒಂದರ ಮೇಲೊಂದು ಮಲಗಿದ್ದರೆ ತಟ್ಟೆ ಬೆಚ್ಚಗಷ್ಟೇ ಆಗಿ ಹೊರಬರುತ್ತದೆ. 71 ಡಿಗ್ರಿಗೆ ಬಣ್ಣ ಬದಲಿಸುವ ಅಂಟುಪಟ್ಟಿ ಸಿಗುತ್ತದೆ, ವಾರಕ್ಕೊಮ್ಮೆ ಒಂದು ತಟ್ಟೆಗೆ ಹಚ್ಚಿ ಓಡಿಸಿ ನೋಡಿ. ದಿನದ ಪರೀಕ್ಷೆ ಇನ್ನೂ ಸುಲಭ. ಆಗಷ್ಟೇ ಹೊರಬಂದ ತಟ್ಟೆಯನ್ನು ಹುಡುಗ ಬರಿಗೈಯಲ್ಲಿ ಆರಾಮವಾಗಿ ಹಿಡಿಯಬಲ್ಲ ಎಂದಾದರೆ ಮೆಷಿನ್ ತನ್ನ ಕೆಲಸ ಮಾಡಿಲ್ಲ.

ಮೆಷಿನ್‌ನ ಸೋಪು ಬೇರೆ, ಕೈ ತೊಳೆತದ ಸೋಪು ಬೇರೆ. ಮೆಷಿನ್‌ನದು ನೊರೆ ಬಾರದ, ತೀಕ್ಷ್ಣ ಕ್ಷಾರ. ಅದನ್ನು ಸಿಂಕಿನಲ್ಲಿ ಬಳಸಿದರೆ ಹುಡುಗನ ಕೈ ಸುಡುತ್ತದೆ. ತಿರುಗಿಸಿ ಕೈಸೋಪನ್ನು ಮೆಷಿನ್‌ಗೆ ಹಾಕಿದರೆ ಟ್ಯಾಂಕಿನಲ್ಲಿ ನೊರೆ ತುಂಬಿ, ಪಂಪು ನೀರಿನ ಬದಲು ಗಾಳಿ ನುಂಗಿ ಒತ್ತಡ ಬಿದ್ದುಹೋಗುತ್ತದೆ. ಮೆಷಿನ್ ಅಲ್ಯೂಮಿನಿಯಂ ಪಾತ್ರೆಗಳಿಗೂ ಅಲ್ಲ. ಆ ಕ್ಷಾರಕ್ಕೆ ಅಲ್ಯೂಮಿನಿಯಂ ಇಡ್ಲಿ ತಟ್ಟೆ ಒಂದೇ ಸಲಕ್ಕೆ ಕಪ್ಪಗಾಗುತ್ತದೆ. ಟ್ಯಾಂಕಿನ ನೀರನ್ನು ತಿಂಡಿ, ಊಟ, ಸಂಜೆ ತಿಂಡಿ, ರಾತ್ರಿ ಊಟ ಹೀಗೆ ಪ್ರತಿ ಹೊತ್ತಿಗೂ ಚೆಲ್ಲಿ ಬದಲಿಸಬೇಕು. ಬೆಳಿಗ್ಗೆ ತುಂಬಿದ ನೀರಿನಲ್ಲಿ ರಾತ್ರಿಯವರೆಗೂ ತೊಳೆದರೆ ಸಾಂಬಾರಿನಲ್ಲೇ ತೊಳೆದಂತೆ.

ಒಂದು ಹೋಟೆಲಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಅರವತ್ತು ಕುರ್ಚಿಯ ಒಂದು ಸಸ್ಯಾಹಾರಿ ಹೋಟೆಲನ್ನು ಲೆಕ್ಕಕ್ಕೆ ಹಿಡಿಯೋಣ. ಮಧ್ಯಾಹ್ನದ ಜೋರಿನ ಹೊತ್ತಿನಲ್ಲಿ ಪ್ರತಿ ಕುರ್ಚಿಗೆ ಗಂಟೆಗೆ ಇಬ್ಬರು ಗಿರಾಕಿಗಳು, ಅಂದರೆ 120 ಜನ. ಒಬ್ಬರಿಗೆ ಒಂದು ತಟ್ಟೆ, ಎರಡು ಬಟ್ಟಲು, ಎರಡು ಗ್ಲಾಸು, ಎರಡು ಚಮಚ.

ಒಂದು ರ‍್ಯಾಕಿನಲ್ಲಿ 18 ತಟ್ಟೆ ನಿಲ್ಲುತ್ತದೆ, ಆದ್ದರಿಂದ 120 ತಟ್ಟೆಗೆ 7 ರ‍್ಯಾಕ್. ಬಟ್ಟಲು 36ರಂತೆ 240ಕ್ಕೆ 7. ಗ್ಲಾಸು 36 ಖಾನೆಯ ರ‍್ಯಾಕಿನಲ್ಲಿ 240ಕ್ಕೆ 7. ಚಮಚಕ್ಕೆ 2. ಒಟ್ಟು ಗಂಟೆಗೆ 23 ರ‍್ಯಾಕ್. ಮೆಷಿನ್ ಕಾಗದದಲ್ಲಿ ಗಂಟೆಗೆ 60 ರ‍್ಯಾಕ್ ಎಂದಿರುವಾಗ 23 ಏನು ಮಹಾ ಎನಿಸುತ್ತದೆ. ಮಾಲಿಕರು ಮೋಸ ಹೋಗುವುದು ಇಲ್ಲಿಯೇ.

ಆ 60 ಎಂಬುದು ಮೆಷಿನ್‌ಗೆ ಮೊದಲೇ ಬಿಸಿಯಾದ ನೀರು ಬರುತ್ತಿದ್ದರೆ ಮಾತ್ರ. ಒಂದು ಯೂನಿಟ್ ವಿದ್ಯುತ್ 860 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸುತ್ತದೆ ಎಂಬ ಒಂದೇ ಸೂತ್ರ ನೆನಪಿಡಿ. ಮುಂಬಯಿಯ ನಲ್ಲಿ ನೀರು 27 ಡಿಗ್ರಿ ಎಂದುಕೊಂಡರೆ 85ಕ್ಕೆ ಏರಲು 58 ಡಿಗ್ರಿ ಬೇಕು. ಮೂರು ಲೀಟರಿಗೆ 174, ಅದನ್ನು 860ರಿಂದ ಭಾಗಿಸಿದರೆ 0.2 ಯೂನಿಟ್. ಬಾಯ್ಲರ್ ಹೀಟರ್ 6 ಕಿಲೋವಾಟಿನದಾದರೆ ನಿಮಿಷಕ್ಕೆ 0.1 ಯೂನಿಟ್ ಶಾಖ ಕೊಡುತ್ತದೆ. ಅಂದರೆ ಒಂದು ರ‍್ಯಾಕಿನ ನೀರು ಕಾಯಲು ಎರಡು ನಿಮಿಷ. ಗಂಟೆಗೆ ಹೆಚ್ಚೆಂದರೆ 30 ರ‍್ಯಾಕ್. ರ‍್ಯಾಕ್ ತುಂಬಿ ತಳ್ಳುವ ಕೈ ಸ್ವಲ್ಪ ನಿಧಾನವಾದರೆ 25. ನಮ್ಮ ಅಗತ್ಯ 23. ಹೇಗೋ ನಡೆಯಿತು.

ಇದೇ ಮೆಷಿನ್ ದೆಹಲಿಯ ಜನವರಿಯಲ್ಲಿ ಹೇಗೆ? ನೀರು 14 ಡಿಗ್ರಿಗೆ ಇಳಿದಿದ್ದರೆ 71 ಡಿಗ್ರಿ ಏರಬೇಕು, ಎರಡೂವರೆ ನಿಮಿಷ ಬೇಕು. ಗಂಟೆಗೆ ಹೆಚ್ಚೆಂದರೆ 24, ಕೈಯ ನಿಧಾನ ಸೇರಿದರೆ 20. ಮೂರು ರ‍್ಯಾಕ್ ಉಳಿಯಿತು, ಹೊರಗೆ ಗಿರಾಕಿ ಕಾಯುತ್ತಿದ್ದಾರೆ, ತಟ್ಟೆ ಇಲ್ಲ. ಆಗ ಹುಡುಗ ಏನು ಮಾಡುತ್ತಾನೆ? ನೀರು ಬಿಸಿಯಾಗುವವರೆಗೆ ಕಾಯದೆ ಮುಚ್ಚಳ ಎತ್ತುತ್ತಾನೆ, ಅಥವಾ ಎರಡು ರ‍್ಯಾಕಿನ ತಟ್ಟೆಯನ್ನು ಒಂದರಲ್ಲಿ ತುರುಕುತ್ತಾನೆ. ತಟ್ಟೆ ಕೊಳಕಾಗಿ ಬರುತ್ತದೆ. "ಮೆಷಿನ್ ಸರಿ ಇಲ್ಲ" ಎಂಬ ಮಾತು ಹುಟ್ಟುವುದು ಹೀಗೆ. ಕೆಲವು ಮೆಷಿನ್‌ಗಳಲ್ಲಿ ನೀರು ಕಾಯುವವರೆಗೆ ತಾನಾಗಿ ತಡೆಯುವ ವ್ಯವಸ್ಥೆ ಇರುತ್ತದೆ. ಕೊಳ್ಳುವಾಗ ಅದನ್ನು ಕೇಳಿಯೇ ಕೊಳ್ಳಿ. ಅದಿದ್ದರೆ ನಿಧಾನವಾದೀತು, ಹಸಿ ತಟ್ಟೆ ಹೊರಬರಲಾರದು.

ಇದಕ್ಕೆ ಪರಿಹಾರ ದೊಡ್ಡ ಮೆಷಿನ್ ಅಲ್ಲ. ಮಾಳಿಗೆಯ ಸೋಲಾರ್ ಅಥವಾ ಗ್ಯಾಸ್ ಗೀಸರಿನಿಂದ 55 ಡಿಗ್ರಿಯ ನೀರನ್ನು ಬಾಯ್ಲರಿಗೆ ಕೊಟ್ಟರೆ ಏರಿಸಬೇಕಾದದ್ದು 30 ಡಿಗ್ರಿ ಮಾತ್ರ. ಕಾಯುವ ಹೊತ್ತು ಒಂದು ನಿಮಿಷಕ್ಕೆ ಇಳಿಯುತ್ತದೆ, ವಿದ್ಯುತ್ತೂ ಅರ್ಧಕ್ಕೆ ಇಳಿಯುತ್ತದೆ. ಬಿಸಿನೀರು ತರುವ ಪೈಪಿನ ಖರ್ಚು ಇನ್ನೊಂದು ಮೆಷಿನ್‌ನ ಮುಂದೆ ಏನೂ ಅಲ್ಲ. ಆದರೆ ನಿಮ್ಮ ಮೆಷಿನ್ ಎಷ್ಟು ಬಿಸಿಯ ನೀರನ್ನು ಒಳಗೆ ತೆಗೆದುಕೊಳ್ಳಬಲ್ಲದು ಎಂದು ಕಂಪೆನಿಯವರನ್ನು ಮೊದಲೇ ಕೇಳಿಕೊಳ್ಳಿ.

ದಿನಕ್ಕೆ 700 ಗಿರಾಕಿ ಎಂದರೆ ಇದೇ ಲೆಕ್ಕದಲ್ಲಿ 134 ರ‍್ಯಾಕ್. ಕೊನೆಯ ನೀರು ಕಾಯಿಸಲು 27 ಯೂನಿಟ್, ದಿನಕ್ಕೆ ನಾಲ್ಕು ಸಲ 35 ಲೀಟರಿನ ಟ್ಯಾಂಕ್ ಕಾಯಿಸಲು 5, ಪಂಪಿಗೆ 3, ಒಟ್ಟು 35 ಯೂನಿಟಿನ ಹತ್ತಿರ. ನೀರು, ಮೊದಲ ತಣ್ಣೀರು ಹೊಡೆತ ಬಿಟ್ಟು, 540 ಲೀಟರ್. ನಿಮ್ಮ ವಾಣಿಜ್ಯ ದರದಿಂದ ಗುಣಿಸಿದರೆ ದಿನದ ಖರ್ಚು ತಿಳಿಯುತ್ತದೆ.

ಇದೇ ಕೆಲಸ ಸಿಂಕಿನಲ್ಲಿ ಹೇಗೆ? ಚಮಚ ಬಿಟ್ಟು ಗಂಟೆಗೆ 600 ಪಾತ್ರೆ, ನಿಮಿಷಕ್ಕೆ 10. ಮೂರನೆಯ ಸಿಂಕಿನಲ್ಲಿ 20 ಪಾತ್ರೆಯ ತಂತಿ ಬುಟ್ಟಿ ನಿಮಿಷಕ್ಕೊಂದು ಮುಳುಗಿಸಿದರೂ ಜಾಗ ಉಳಿಯುತ್ತದೆ. ತಡವಾಗುವುದು ಉಜ್ಜುವಲ್ಲಿ. ಅಲ್ಲಿ ಇಬ್ಬರು, ಮುಂದಿನ ಎರಡು ಸಿಂಕಿಗೆ ಒಬ್ಬ, ಒಟ್ಟು ಮೂವರು. ಮೆಷಿನ್‌ಗೆ ಇಬ್ಬರು ಬೇಕು. ಎಂಜಲು ಮುಟ್ಟುವ ಕೈ, ತೊಳೆದದ್ದನ್ನು ಮುಟ್ಟುವ ಕೈ ಬೇರೆ ಬೇರೆ ಇರಬೇಕಾದ್ದರಿಂದ "ಒಬ್ಬನೇ ಸಾಕು" ಎಂಬ ಮಾತನ್ನು ಜೋರಿನ ಹೊತ್ತಿಗೆ ಒಪ್ಪಲಾಗದು. ಅಂದರೆ ಉಳಿತಾಯ ಒಂದು ಪಾಳಿಗೆ ಒಬ್ಬ ಹುಡುಗ.

ನೀರಿನ ವಿಷಯದಲ್ಲಿ ಸಿಂಕ್ ಅಷ್ಟು ದುಂದಲ್ಲ. 50 ಲೀಟರಿನ ಮೂರು ಸಿಂಕ್, ಮೊದಲೆರಡನ್ನು ದಿನಕ್ಕೆ ಎಂಟು ಸಲ, ಮೂರನೆಯದನ್ನು ನಾಲ್ಕು ಸಲ ಬದಲಿಸಿದರೆ 1,000 ಲೀಟರ್. ದುಂದಾಗುವುದು ತೆರೆದ ನಲ್ಲಿ. ನಿಮಿಷಕ್ಕೆ 10 ಲೀಟರ್ ಸುರಿಯುವ ನಲ್ಲಿ ಎಂಟು ಗಂಟೆ ತೆರೆದಿದ್ದರೆ 4,800 ಲೀಟರ್. ಟ್ಯಾಂಕರ್ ನೀರು ತರಿಸುವವರು ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡಲಿ.

ಗಡಸು ನೀರು, ಒಣಗುವಿಕೆ

ಮುಂಬಯಿ ಪಾಲಿಕೆಯ ಕೆರೆ ನೀರು ಮೆದು. ಹೈದರಾಬಾದ್, ಚೆನ್ನೈ, ದೆಹಲಿಯ ಬೋರ್‌ವೆಲ್ ನೀರು ಸಾಧಾರಣವಾಗಿ ಗಡಸು. ಗಡಸು ನೀರು ಕಾದಾಗ ಸುಣ್ಣ ಹೀಟರಿನ ಮೇಲೆ ಕೂರುತ್ತದೆ. ಇದರ ಮೊದಲ ಲಕ್ಷಣ ತಟ್ಟೆಯ ಮೇಲಿನ ಬಿಳಿ ಚುಕ್ಕೆ, ಎರಡನೆಯದು ಪ್ರತಿ ರ‍್ಯಾಕಿಗೂ ಕಾಯುವ ಹೊತ್ತು ಹಿಂದಿನ ತಿಂಗಳಿಗಿಂತ ಹೆಚ್ಚಾಗುವುದು. ನೀರು ಮೆದು ಮಾಡುವ ಸಾಫ್ಟ್‌ನರ್ ಕೂರಿಸಿ, ಅದಕ್ಕೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕದೆ ಹೋದರೆ ಆ ಖರ್ಚೂ ವ್ಯರ್ಥ. ಉಪ್ಪು ಹಾಕುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ.

ತಟ್ಟೆಯ ಮೇಲೆ ಮಂಜಿನಂಥ ಪದರ ಉಳಿದಿದ್ದರೆ ಅದು ಸುಣ್ಣವೋ, ಅನ್ನದ ಗಂಜಿಯೋ ಎಂದು ತಿಳಿಯಲು ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ. ನೀಲಿ-ಕಪ್ಪು ಬಣ್ಣ ಬಂದರೆ ಗಂಜಿ. ತೊಳೆತವೇ ಸಾಲದು, ಸೋಪು ಅಥವಾ ಬಿಸಿ ಕಡಿಮೆಯಾಗಿದೆ ಎಂದರ್ಥ. ಬಣ್ಣ ಬರದಿದ್ದರೆ ನೀರಿನ ಕಡೆ ನೋಡಿ. ಪರೀಕ್ಷಿಸಿದ ತಟ್ಟೆಯನ್ನು ಮತ್ತೆ ತೊಳೆದೇ ಬಳಸಿ.

ಒಣಗಿಸುವಲ್ಲಿ ನಮ್ಮ ಹಳೆಯ ಅಭ್ಯಾಸ ಫಡ್ಕಾ. ಮೂರು ಸಿಂಕ್ ದಾಟಿ ಶುದ್ಧವಾದ ತಟ್ಟೆಯನ್ನು, ಬೆಳಗಿನಿಂದ ಒದ್ದೆಯಾಗಿರುವ ಅದೇ ಬಟ್ಟೆಯಿಂದ ಒರೆಸಿದರೆ ಹಿಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಗಾಳಿಯಲ್ಲಿ ಒಣಗುವುದೇ ಸರಿ. ಅದಕ್ಕೆ ತಟ್ಟೆ ಓರೆಯಾಗಿ ನಿಲ್ಲುವ ತಂತಿ ಸ್ಟ್ಯಾಂಡ್ ಬೇಕು, ಜೋರಿನ ಒಂದು ಗಂಟೆಯ ತಟ್ಟೆಯ ಜಾಗ ಬೇಕು. ಸಿಂಕ್ ಕಟ್ಟಿಸುವವರು ಈ ಜಾಗವನ್ನೇ ಮರೆಯುತ್ತಾರೆ, ಆಮೇಲೆ ಒದ್ದೆ ತಟ್ಟೆ ಒಂದರ ಮೇಲೊಂದು ಏರುತ್ತದೆ.

ಮೆಷಿನ್‌ನಿಂದ ಬಂದ ಪಾತ್ರೆ ತನ್ನ ಬಿಸಿಗೇ ಒಂದೆರಡು ನಿಮಿಷದಲ್ಲಿ ಒಣಗುತ್ತದೆ. ಕೊನೆಯ ನೀರಿಗೆ ಸೇರುವ ಒಣಗಿಸುವ ದ್ರಾವಣ ನೀರನ್ನು ಹನಿಯಾಗಿ ನಿಲ್ಲಲು ಬಿಡದೆ ಜಾರಿಸುತ್ತದೆ. ಪಿಂಗಾಣಿ ದಪ್ಪಗಿದ್ದು ಶಾಖ ಹಿಡಿದಿಡುವುದರಿಂದ ಬೇಗ ಒಣಗುತ್ತದೆ. ನಮ್ಮ ತೆಳು ಸ್ಟೀಲ್ ತಟ್ಟೆ ಬೇಗ ಆರುವುದರಿಂದ ಅದಕ್ಕಿಂತ ನಿಧಾನ, ಪ್ಲಾಸ್ಟಿಕ್ ಎಲ್ಲಕ್ಕಿಂತ ನಿಧಾನ. ಮೆಷಿನ್ ತೋರಿಸಲು ಬಂದವರು ಪಿಂಗಾಣಿ ತಟ್ಟೆ ತೊಳೆದು ತೋರಿಸಿದರೆ ಒಪ್ಪಬೇಡಿ. ನಿಮ್ಮದೇ ಸ್ಟೀಲ್ ತಟ್ಟೆ, ಸಾಂಬಾರ್ ಒಣಗಿದ ಬಟ್ಟಲು ಕೊಟ್ಟು ನೋಡಿ.

ಒಡೆಯುವುದು ಎಲ್ಲಿ?

ಸ್ಟೀಲ್ ಒಡೆಯದು. ಆದರೆ ಜ್ಯೂಸ್ ಗ್ಲಾಸು, ಚಹಾ ಗ್ಲಾಸು, ಪಿಂಗಾಣಿ ಕಪ್ಪು ದಿನಕ್ಕೆ ನಾಲ್ಕು ಹೋದರೆ ತಿಂಗಳಿಗೆ 120. ಇದಕ್ಕೆ ಹುಡುಗನ ಸಂಬಳ ಹಿಡಿಯುವವರಿದ್ದಾರೆ. ಹಿಡಿದರೆ ಆಗುವುದು ಒಂದೇ, ಒಡೆದ ಚೂರು ಎಂಜಲು ಡಬ್ಬಿಯಲ್ಲಿ ಅಡಗುತ್ತದೆ, ಎಲ್ಲಿ ಒಡೆಯಿತು ಎಂಬುದು ನಿಮಗೆ ಎಂದೂ ತಿಳಿಯುವುದಿಲ್ಲ. ಅದರ ಬದಲು ಮೋರಿಯ ಗೋಡೆಗೆ ಒಂದು ಹಾಳೆ ಅಂಟಿಸಿ. ಹಾಲ್, ತರುವ ಟಬ್, ಸಿಂಕ್ ಅಥವಾ ಮೆಷಿನ್, ಕಪಾಟು ಎಂದು ನಾಲ್ಕು ಕಂಬಸಾಲು. ಒಡೆದಾಗ ಅಲ್ಲಿ ಒಂದು ಗೆರೆ. ಹದಿನೈದು ದಿನದಲ್ಲಿ ಗೆರೆಗಳೇ ಮಾತಾಡುತ್ತವೆ.

ಟಬ್‌ನ ಕೆಳಗೆ ಗೆರೆ ಹೆಚ್ಚಿದ್ದರೆ ಸ್ಟೀಲ್ ತಟ್ಟೆಯ ಜೊತೆ ಗ್ಲಾಸು ತುಂಬುತ್ತಿದ್ದಾರೆ ಎಂದರ್ಥ, ಗ್ಲಾಸಿಗೆ ಬೇರೆ ಟ್ರೇ ಕೊಡಿ. ಇದನ್ನು ಯಾವ ಮೆಷಿನ್ನೂ ತಪ್ಪಿಸಲಾರದು. ಸಿಂಕಿನಲ್ಲಿ ಹೆಚ್ಚಿದ್ದರೆ ನೊರೆಯ ಕೆಳಗೆ ಕಾಣದೆ ಬಡಿದುಕೊಳ್ಳುತ್ತಿವೆ, ಗ್ಲಾಸನ್ನು ಮೊದಲು, ಬೇರೆಯಾಗಿ ತೊಳೆಯಿರಿ. ಒಳಗೆ ಒಡೆದರೆ ಕೈ ಹಾಕಿ ಹುಡುಕಿಸಬೇಡಿ, ನೀರು ಪೂರ್ತಿ ಬಿಟ್ಟು ಚೂರು ಹೆಕ್ಕಿಸಿ. ಮೆಷಿನ್‌ನಲ್ಲಿ ಹೆಚ್ಚಿದ್ದರೆ ಗ್ಲಾಸು ಖಾನೆ ಇಲ್ಲದ ರ‍್ಯಾಕಿನಲ್ಲಿ ಹೋಗುತ್ತಿದೆ. ಕಪಾಟಿನಲ್ಲಿ ಹೆಚ್ಚಿದ್ದರೆ ಒಂದರೊಳಗೊಂದು ತುರುಕಿದ ಒದ್ದೆ ಗ್ಲಾಸು ಕಚ್ಚಿಕೊಂಡು, ಎಳೆಯುವಾಗ ಒಡೆಯುತ್ತಿದೆ. ಹಾಲ್‌ನಲ್ಲಿ ಜ್ಯೂಸ್ ಸುರಿಯುವಾಗ ಗ್ಲಾಸು ತಾನಾಗಿ ಬಿರಿದರೆ ಕಾರಣ ಮೆಷಿನ್‌ನಿಂದ ಬಿಸಿಬಿಸಿಯಾಗಿ ತೆಗೆದು ಕೂಡಲೇ ಐಸ್ ಹಾಕಿದ್ದು. ಗ್ಲಾಸಿನ ಸಂಖ್ಯೆ ಕಡಿಮೆ ಇದ್ದಾಗಲೇ ಹೀಗಾಗುವುದು. ಎರಡು ಡಜನ್ ಹೆಚ್ಚು ಕೊಂಡರೆ ಈ ಒಡೆತ ನಿಲ್ಲುತ್ತದೆ.

ಕೊನೆಯ ತೀರ್ಮಾನ

ಮೆಷಿನ್ ಮಾರುವವರನ್ನು ಕರೆಯುವ ಮುಂಚೆ ಒಂದು ಭಾನುವಾರ ಜೋರಿನ ಹೊತ್ತಿನಲ್ಲಿ ಒಂದು ಗಂಟೆ ಮೋರಿಯ ಬಳಿ ನಿಂತು ತಟ್ಟೆ, ಬಟ್ಟಲು, ಗ್ಲಾಸು ಎಣಿಸಿ. ಮೇಲಿನಂತೆ ರ‍್ಯಾಕ್ ಲೆಕ್ಕ ಹಾಕಿ. ಗಂಟೆಗೆ ಹತ್ತು ಹದಿನೈದು ರ‍್ಯಾಕ್ ದಾಟದಿದ್ದರೆ ಒಳ್ಳೆಯ ಮೂರು ಸಿಂಕ್, ಬಿಸಿನೀರಿನ ಪೈಪು, ಒಣಗಿಸುವ ಸ್ಟ್ಯಾಂಡ್ ಇಷ್ಟರಲ್ಲೇ ಹಣ ಹಾಕಿ. ಇಪ್ಪತ್ತು ದಾಟಿದರೆ ಮೆಷಿನ್ ಯೋಚಿಸಿ, ಆದರೆ ಮೂರು ಪ್ರಶ್ನೆಗೆ ಮೊದಲು ಉತ್ತರ ಇರಲಿ. ನಿಮ್ಮ ಮೀಟರಿಗೆ ತ್ರೀ ಫೇಸ್‌ನಲ್ಲಿ ಇನ್ನೂ ಹತ್ತು ಕಿಲೋವಾಟ್ ಹೊರುವ ಶಕ್ತಿ ಇದೆಯೇ? ಮೆಷಿನ್‌ಗೆ ಬರುವ ನೀರು ಎಷ್ಟು ಬಿಸಿ, ಎಷ್ಟು ಗಡಸು? ಎಂಜಲು ಬರುವ ಕಡೆ ಒಂದು ಮೇಜು, ತೊಳೆದದ್ದು ಇಳಿಯುವ ಕಡೆ ಇನ್ನೊಂದು ಮೇಜು ಹಾಕಲು ಜಾಗ ಉಂಟೇ? ಇದರಲ್ಲಿ ಒಂದಕ್ಕೆ "ಇಲ್ಲ" ಎಂದಾದರೂ ಮೊದಲು ಅದನ್ನು ಸರಿಪಡಿಸಿ. ಮೆಷಿನ್ ಆರು ತಿಂಗಳು ತಡವಾಗಿ ಬಂದರೆ ನಷ್ಟವಿಲ್ಲ.